ಗದರಿದರೆ ಮಾತ್ರ ಕೇಳುವ ಮಗು ಇದೆಯೇ?

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕೂವರೆ ವರ್ಷ. ಏನು ಹೇಳಿದರೂ ‘ಇಲ್ಲ’, ‘ಮಾಡಲ್ಲ’ ಅಂತಾನೆ. ಮೆತ್ತಗೆ ಹತ್ತು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಜೋರಾಗಿ ಗದರಿದರೆ ಮಾತ್ರ ಕೇಳುತ್ತಾನೆ. ಮಗುವಿನ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ತಂದೆತಾಯಿಗೆ ಕಲಿಸುವ ಪೇರೆಂಟ್ ಮ್ಯಾನೇಜ್‌ಮೆಂಟ್ ಟ್ರೈನಿಂಗ್ ಇಂಥ ಮಕ್ಕಳಿಗೆ ಉಪಯೋಗ ಆಗುತ್ತದೆಯೇ? ಅದರ ಹಂತಗಳೇನು?

ಉತ್ತರ: ಹಂತಗಳನ್ನು ಹೇಳುತ್ತೇನೆ, ಸ್ವಲ್ಪ ತಡೆಯಿರಿ. ‘ಗದರಿದರೆ ಮಾತ್ರ ಕೇಳುತ್ತಾನೆ’ ಎಂದಿರಲ್ಲ, ಆ ಮಾತಿನ ಲೆಕ್ಕ ಮೊದಲು ಮುಗಿಯಲಿ. ತಂದೆತಾಯಿ ಎದುರಿಗೆ ಬಂದು ಕೂತರೆ ಈ ಮಾತು ಯಾವಾಗ ಬರುತ್ತದೆ ಅಂತ ಕಾಯುತ್ತಾ ಇರುತ್ತೇನೆ. ಬರದ ದಿನ ಕಡಿಮೆ. ಮೆತ್ತನೆಯ ಮಾತು ತಾಗದ, ಗದರಿಕೆ ಮಾತ್ರ ತಾಗುವ ಮಕ್ಕಳೇ ಬೇರೆ ಇದ್ದಾರೆ ಅನ್ನುವ ನಂಬಿಕೆ ಇದು. ಹಾಗೆ ಹುಟ್ಟಿ ಬಂದ ಮಗುವನ್ನು ನಾನು ಇನ್ನೂ ನೋಡಿಲ್ಲ. ಇದು ಮಗು ಮನೆಯಲ್ಲಿ ಕಲಿತ ಪಾಠ.

ನಿಮ್ಮ ಮನೆಯ ಒಂದು ಸಂಜೆ ಹೀಗಿರಬಹುದು. ಆಟದ ಸಾಮಾನು ನೆಲದ ತುಂಬ ಹರಡಿದೆ. ನೀವು ಇನ್ನೊಂದು ಕೋಣೆಯಿಂದಲೇ ‘ಎಲ್ಲಾ ಎತ್ತಿಡ್ತೀಯಾ ಕಂದಾ?’ ಅನ್ನುತ್ತೀರಿ. ಅವನು ಆಡುತ್ತಲೇ ಇರುತ್ತಾನೆ. ಏನೂ ಆಗುವುದಿಲ್ಲ. ಎರಡನೇ ಸಲ ಹೇಳುತ್ತೀರಿ, ಆಗಲೂ ಏನೂ ಆಗುವುದಿಲ್ಲ. ಮೂರು, ನಾಲ್ಕು, ಐದು. ಆರನೇ ಸಲ ಕೈಕೆಲಸ ಬಿಟ್ಟು ಎದ್ದು, ಅವನ ತಲೆಯ ಮೇಲೆ ಬಂದು ನಿಂತು ಕಿರುಚುತ್ತೀರಿ. ಅವನು ಎದ್ದು ಎತ್ತಿಡುತ್ತಾನೆ.

ಇಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತರು. ಮೊದಲ ಐದು ಮಾತಿಗೆ ಅರ್ಥವಿಲ್ಲ, ಅಷ್ಟು ಹೊತ್ತು ಆರಾಮಾಗಿ ಆಡಬಹುದು ಅಂತ ಮಗು ಕಲಿಯಿತು. ಕಿರುಚಿದರೆ ಕೆಲಸ ಆಗುತ್ತದೆ ಅಂತ ನೀವು ಕಲಿತಿರಿ. ನಾಳೆ ನಿಮ್ಮ ಬಾಯಿಗೆ ಕಿರುಚಾಟ ಇನ್ನೂ ಬೇಗ ಬರುತ್ತದೆ, ಯಾಕೆಂದರೆ ಇವತ್ತು ಅದಕ್ಕೆ ಫಲ ಸಿಕ್ಕಿದೆ. ಮಗುವೂ ದಿನ ಕಳೆದಂತೆ ಆ ದನಿಗೆ ಒಗ್ಗಿಕೊಳ್ಳುತ್ತದೆ. ಹಾಗಾಗಿ ದನಿ ಇನ್ನೂ ಏರಬೇಕಾಗುತ್ತದೆ.

ಇನ್ನು ನೀವು ಸೋತು ಸುಸ್ತಾದ ಸಂಜೆಗಳೂ ಇರುತ್ತವೆ. ಅವನು ಉರುಳಾಡಿ ಅತ್ತು ರಂಪ ಮಾಡುತ್ತಾನೆ, ‘ಬಿಡು ಮಾರಾಯಾ’ ಅಂತ ನೀವೇ ಎತ್ತಿಡುತ್ತೀರಿ. ರಂಪ ನಿಲ್ಲುತ್ತದೆ, ನಿಮಗೆ ಉಸಿರು ಬರುತ್ತದೆ. ಆ ದಿನ ಅವನ ರಂಪಕ್ಕೆ ಫಲ ಸಿಕ್ಕಿತು. ದಿನಾ ಸಿಗಬೇಕೆಂದೇನಿಲ್ಲ. ಯಾವಾಗಲೋ ಒಮ್ಮೆ ಗೆದ್ದರೂ ಸಾಕು, ಮಿಕ್ಕ ದಿನ ಪ್ರಯತ್ನ ಮಾಡುತ್ತಲೇ ಇರುತ್ತಾನೆ. ಅಮೆರಿಕದ ಓರೆಗಾನ್‌ನಲ್ಲಿ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಜೊತೆಗಾರರು ಮನೆಮನೆಗೆ ಹೋಗಿ ಕೂತು, ಯಾರು ಏನಂದರು, ಆಮೇಲೆ ಏನಾಯಿತು ಅಂತ ಬರೆದುಕೊಂಡರು. ಮತ್ತೆ ಮತ್ತೆ ಕಂಡದ್ದು ಈ ಸುಳಿಯೇ. ಇಬ್ಬರೂ ಒಬ್ಬರನ್ನೊಬ್ಬರು ಕಾಡಿ ಗೆಲ್ಲುವುದನ್ನು ಕಲಿಯುತ್ತಾರೆ. ಕೆಟ್ಟ ಮಗುವಾಗಲಿ ಕೆಟ್ಟ ತಾಯಿಯಾಗಲಿ ಇರಬೇಕಿಲ್ಲ. ದಣಿದ ಒಬ್ಬರು, ಆಟದಲ್ಲಿ ಮುಳುಗಿದ ಇನ್ನೊಬ್ಬರು ಇದ್ದರೆ ಸುಳಿ ಶುರು.

‘ಆದ್ರೂ ಮೇಡಂ, ಗದರಿದಾಗ ಕೇಳಿದ್ದಂತೂ ನಿಜ ಅಲ್ವಾ?’ ನಿಜವೇ. ಆದರೆ ಆರನೇ ಮಾತಿನಲ್ಲಿ ದನಿ ಒಂದೇ ಬದಲಾದದ್ದಲ್ಲ. ನೀವು ಎದ್ದು ಬಂದಿರಿ. ಹತ್ತಿರ ನಿಂತಿರಿ. ‘ಎತ್ತಿಡ್ತೀಯಾ’ ಹೋಗಿ ‘ಎತ್ತಿಡು’ ಆಯಿತು. ಈ ಸಲ ಬಿಡುವುದಿಲ್ಲ ಅಂತ ನಿಮ್ಮ ಮೈಯೇ ಹೇಳಿತು. ಇಷ್ಟು ದಿನ ಮಗು ಕಾಯುತ್ತಿದ್ದದ್ದು ನಿಮ್ಮ ಕಾಲ ಸಪ್ಪಳಕ್ಕೆ. ಇವೆಲ್ಲವನ್ನೂ ಮೊದಲನೇ ಮಾತಿನಲ್ಲೇ, ಮೆತ್ತನೆಯ ದನಿಯಲ್ಲೇ ಮಾಡಬಹುದು. ಟ್ರೈನಿಂಗ್‌ನ ಅರ್ಧ ಭಾಗ ಅಷ್ಟೇ.

ಹೊಡೆತದ ಬಗ್ಗೆ ಬೇರೆ ಉತ್ತರ ಬರೆಯುವುದಿಲ್ಲ. ಅದು ಇದೇ ಏಣಿಯ ಇನ್ನೊಂದು ಮೆಟ್ಟಿಲು. ಜೊತೆಗೆ, ಮಾತು ನಡೆಯದಿದ್ದರೆ ಕೈ ಎತ್ತಬೇಕು ಅನ್ನುವುದನ್ನೂ ಮಗು ಕಲಿಯುತ್ತದೆ. ತಂಗಿಗೆ ಯಾಕೆ ಹೊಡೀತಾನೆ ಅಂತ ಆಮೇಲೆ ನನ್ನನ್ನು ಕೇಳಬೇಡಿ.

ಈಗ ಹಂತಗಳು. ಎರಡರಿಂದ ಏಳು ವರ್ಷದ ಮಕ್ಕಳಿಗಾಗಿ ಇರುವ ಹಲವು ಕಾರ್ಯಕ್ರಮಗಳ ಚೌಕಟ್ಟು ಓರೆಗಾನ್‌ನಲ್ಲೇ ಮನಶ್ಶಾಸ್ತ್ರಜ್ಞೆ ಕಾನ್‌ಸ್ಟನ್ಸ್ ಹ್ಯಾನ್ಫ್ 1960ರ ದಶಕದಲ್ಲಿ ಹಾಕಿಕೊಟ್ಟದ್ದು. ಅದರಲ್ಲಿ ಎರಡು ಭಾಗ. ಮೊದಲ ಭಾಗ ಆಟ, ಎರಡನೆಯದು ಆಜ್ಞೆ. ಎಲ್ಲರೂ ನೇರ ಎರಡನೆಯದಕ್ಕೆ ಹಾರುತ್ತಾರೆ. ಹಾಗೆ ಹಾರಿದವರೇ ಎರಡು ವಾರ ಬಿಟ್ಟು ‘ಮಾಡಿ ನೋಡಿದ್ವಿ, ಆಗ್ಲಿಲ್ಲ’ ಅಂತ ಬರುತ್ತಾರೆ.

ಆಟ ಅಂದರೆ ದಿನಕ್ಕೆ ಐದೇ ನಿಮಿಷ, ತಪ್ಪದೆ. ಇಟ್ಟಿಗೆ ಜೋಡಿಸುವುದು, ಚಿತ್ರ ಬಿಡಿಸುವುದು, ಇಂಥದ್ದು ಏನಾದರೂ ಇರಲಿ. ಮುಂದಾಳು ಮಗು. ನೀವು ಆಜ್ಞೆ ಮಾಡಬಾರದು, ತಪ್ಪು ಹುಡುಕಬಾರದು, ಪ್ರಶ್ನೆಯನ್ನೂ ಕೇಳಬಾರದು. ‘ಇದು ಯಾವ ಬಣ್ಣ ಹೇಳು?’ ಎಂದ ಕೂಡಲೇ ಆಟ ನಿಮ್ಮ ಕೈಗೆ ಬಂತು, ಪರೀಕ್ಷೆ ಶುರುವಾಯಿತು. ಕಂಡದ್ದನ್ನು ಹೇಳಿದರೆ ಸಾಕು: ‘ನೀಲಿ ಇಟ್ಟಿಗೆ ಮೇಲೆ ಕೆಂಪು ಇಟ್ಟೆ.’ ಮೆಚ್ಚುವಾಗ ಏನು ಮೆಚ್ಚಿದಿರಿ ಅಂತ ಹೆಸರಿಟ್ಟು ಹೇಳಿ. ಬರೀ ‘ಗುಡ್ ಬಾಯ್’ ಅಂದರೆ ಯಾವುದಕ್ಕೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ‘ಬಿದ್ದರೂ ಕೂಗಾಡದೆ ಮತ್ತೆ ಜೋಡಿಸಿದೆಯಲ್ಲ, ಚೆನ್ನಾಗಿತ್ತು’ ಅನ್ನಿ. ಸಣ್ಣಪುಟ್ಟ ಕಿರಿಕಿರಿ ಮಾಡಿದರೆ ಮುಖ ತಿರುಗಿಸಿ, ನಿಲ್ಲಿಸಿದ ಕ್ಷಣವೇ ವಾಪಸ್ ಬನ್ನಿ. ದಿನವೆಲ್ಲ ಜಗಳವಾಗಿದ್ದರೂ ಈ ಐದು ನಿಮಿಷವನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ. ಸುಮ್ನೆ ಆಟ ಅನ್ನಿಸುತ್ತದೆ, ಗೊತ್ತು. ಆದರೆ ನಿಮ್ಮ ಗಮನ ಬೈಗುಳದ ರೂಪದಲ್ಲಿ ಮಾತ್ರ ಸಿಗುವ ಮನೆಯಲ್ಲಿ ಮಗು ಬೈಗುಳವನ್ನೇ ಹುಡುಕಿಕೊಂಡು ಬರುತ್ತದೆ.

ಎರಡನೇ ಭಾಗವನ್ನು ಒಂದು ಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ, ಗುರುತು ಸಿಗದಷ್ಟು ಬದಲಿಸಿ. ಹುಡುಗನಿಗೆ ಐದು ತುಂಬಿರಲಿಲ್ಲ. ಒಂದು ಸಂಜೆಯ ಒಂದು ಗಂಟೆಯಲ್ಲಿ ಎಷ್ಟು ಆಜ್ಞೆ ಮಾಡುತ್ತೀರಿ ಅಂತ ಗೀಟು ಹಾಕಿಕೊಂಡು ಬನ್ನಿ ಎಂದೆ. ನಲವತ್ತೊಂದು! ‘ನೆಟ್ಟಗೆ ಕೂತ್ಕೋ’, ‘ಹುಷಾರು’, ‘ಏನದು?’, ‘ಹೋಗೋಣ್ವಾ?’ ಎಲ್ಲ ಸೇರಿ. ಮೊದಲ ಸಲಕ್ಕೇ ಅವನು ಕೇಳಿದ್ದು ಆರು. ನಾವು ಮೊದಲು ಆಜ್ಞೆಗಳನ್ನು ಕಡಿಮೆ ಮಾಡಿದೆವು. ಕೊನೆಯವರೆಗೂ ಹಿಡಿದು ನಡೆಸಲು ತಯಾರಿಲ್ಲದ ಆಜ್ಞೆಯನ್ನು ಬಾಯಿಂದ ಬಿಡುವಂತಿಲ್ಲ.

ಉಳಿದವನ್ನು ಹೇಳುವ ರೀತಿ ಹೀಗಿತ್ತು. ತಾಯಿ ಹತ್ತಿರ ಹೋಗಬೇಕು. ಒಂದು ಸಲಕ್ಕೆ ಒಂದೇ ಕೆಲಸ. ಏನು ಮಾಡಬಾರದು ಅನ್ನದೆ ಏನು ಮಾಡಬೇಕು ಅಂತ ಹೇಳಬೇಕು: ‘ಕಾರುಗಳನ್ನು ಈ ಡಬ್ಬಕ್ಕೆ ಹಾಕು.’ ಆಮೇಲೆ ಮನಸ್ಸಿನಲ್ಲೇ ಐದು ಎಣಿಸುತ್ತಾ ಬಾಯಿ ಮುಚ್ಚಿಕೊಂಡಿರಬೇಕು. ಆ ಐದು ಸೆಕೆಂಡ್ ಸುಮ್ಮನಿರುವುದೇ ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೈ ಡಬ್ಬದ ಕಡೆ ಹೋಯಿತೋ, ತಕ್ಷಣ ‘ಹೇಳಿದ ಕೂಡಲೇ ಹಾಕಿದೆಯಲ್ಲ!’ ಇಲ್ಲವೋ, ಒಂದೇ ಎಚ್ಚರಿಕೆ: ‘ಕಾರು ಹಾಕದಿದ್ದರೆ ಕುರ್ಚಿ ಮೇಲೆ ಕೂರಬೇಕಾಗುತ್ತದೆ.’ ಮತ್ತೆ ಐದು ಸೆಕೆಂಡ್. ಆಗಲೂ ಇಲ್ಲವೆಂದರೆ ಕೈಹಿಡಿದು, ಮಾತಾಡದೆ, ಕುರ್ಚಿಗೆ.

ಇದೇ ಟೈಮ್ ಔಟ್. ಕತ್ತಲ ಕೋಣೆ ಅಲ್ಲ, ಬಾಗಿಲ ಚಿಲಕವೂ ಅಲ್ಲ. ನಿಮ್ಮ ಕಣ್ಣಿಗೆ ಕಾಣುವ ಜಾಗದಲ್ಲಿ ಒಂದು ಕುರ್ಚಿ, ಕೈಗೆಟುಕುವ ಆಟಿಕೆ ಇಲ್ಲ, ಮಾತುಕತೆ ಇಲ್ಲ. ಮೂರು ನಿಮಿಷ, ಕೊನೆಗೆ ಐದು ಸೆಕೆಂಡ್ ಸುಮ್ಮನಿರಬೇಕು. ನೀತಿಪಾಠ ಹೇಳಿದಿರೋ, ಅದೇ ಗಮನ ಕೊಟ್ಟಂತೆ. ಎಲ್ಲರೂ ಮರೆಯುವ ಭಾಗ ಆಮೇಲಿನದು: ಅವನು ಕುರ್ಚಿಯಿಂದ ಎದ್ದು ಬಂದು ಅದೇ ಕಾರುಗಳನ್ನು ಅದೇ ಡಬ್ಬಕ್ಕೆ ಹಾಕಬೇಕು. ಇಲ್ಲದಿದ್ದರೆ ಮೂರು ನಿಮಿಷ ಕೂತು ಕೆಲಸ ತಪ್ಪಿಸಿಕೊಂಡ ಹಾಗಾಯಿತು. ಹಾಕಿದ ಮೇಲೆ ಬರೀ ‘ಸರಿ’. ಕೂಡಲೇ ಇನ್ನೊಂದು ಸಣ್ಣ ಕೆಲಸ ಹೇಳಿ, ಅದನ್ನು ಮಾಡಿದಾಗ ಮನಸಾರೆ ಮೆಚ್ಚಬೇಕು.

ಮೊದಲ ಸಂಜೆ ನಾಲ್ಕು ಸಲ ಕುರ್ಚಿ. ಮೂರನೇ ದಿನ ಕಿರುಚಾಟ ಮೊದಲಿಗಿಂತ ಜಾಸ್ತಿಯಾಯಿತು. ಆಕೆ ಫೋನ್ ಮಾಡಿ ‘ಕೆಟ್ಟು ಹೋಯ್ತು ಮೇಡಂ’ ಎಂದರು. ಹಳೆಯ ಉಪಾಯಕ್ಕೆ ಫಲ ನಿಂತಾಗ ಮಗು ಅದನ್ನೇ ಜೋರಾಗಿ ಮಾಡಿ ನೋಡುತ್ತದೆ. ನಾವು ಕೆಟ್ಟ ಸ್ವಿಚ್ಚನ್ನು ನಾಲ್ಕು ಸಲ ಒತ್ತಿ ನೋಡುವುದಿಲ್ಲವೇ, ಹಾಗೆ. ಆವತ್ತೇ ಸೋತರೆ ಇನ್ನೂ ದೊಡ್ಡ ರಂಪಕ್ಕೆ ಫಲ ಸಿಕ್ಕಿದಂತಾಗುತ್ತದೆ. ಆಕೆ ಸೋಲಲಿಲ್ಲ. ಮೂರನೇ ವಾರದ ಗೀಟುಗಳಲ್ಲಿ ಗಂಟೆಗೆ ಹದಿನಾಲ್ಕು ಆಜ್ಞೆ, ಮೊದಲ ಸಲಕ್ಕೇ ಕೇಳಿದ್ದು ಒಂಬತ್ತು. ಹದಿನಾಲ್ಕಕ್ಕೆ ಹದಿನಾಲ್ಕೂ ಯಾಕಿಲ್ಲ ಅಂತ ತಂದೆ ಕೇಳಿದರು. ಯಾವ ಮಗುವೂ ಹೇಳಿದ್ದನ್ನೆಲ್ಲ ಕೇಳುವುದಿಲ್ಲ, ನೀವೂ ಕೇಳುವುದಿಲ್ಲ ಅಂದೆ.

ಕುರ್ಚಿಯಿಂದ ಪದೇ ಪದೇ ಓಡುವ ಮಗುವನ್ನು ಒತ್ತಿ ಹಿಡಿಯಬೇಡಿ. ಅಲ್ಲಿಗೆ ಓದಿ ಕಲಿತದ್ದು ಸಾಲದು, ತರಬೇತಾದವರ ಎದುರಿಗೆ ಮಾಡಿ ಕಲಿಯಬೇಕು. ಎರಡು ವರ್ಷದ ಒಳಗಿನ ಮಗುವಿಗೆ ಇದು ಬೇಡವೇ ಬೇಡ. ಇನ್ನೊಂದು, ಶುರು ಮಾಡುವ ಮುಂಚೆ ಕಿವಿ ತೋರಿಸಿ. ಕಿವಿಯೊಳಗೆ ನೀರು ತುಂಬಿ ಸರಿಯಾಗಿ ಕೇಳಿಸದ ಮಗುವೂ, ಮಾತು ಅರ್ಥವಾಗುವುದು ತಡವಾದ ಮಗುವೂ ‘ಹಟಮಾರಿ’ ಅನ್ನಿಸಿಕೊಳ್ಳುತ್ತವೆ. ಜೋರಾಗಿ ಹೇಳಿದರೆ ಮಾತ್ರ ಕೇಳುತ್ತದೆ ಅನ್ನುವ ಮಾತು ಅಕ್ಷರಶಃ ನಿಜವಾಗುವುದು ಕಿವಿ ಸರಿಯಾಗಿ ಕೇಳಿಸದ ಮಗುವಿನಲ್ಲಿ ಮಾತ್ರ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಮನೆಯಲ್ಲಿ ಏಳು ವರ್ಷದ ಅಕ್ಕ ಒಬ್ಬಳಿದ್ದಳು. ಹೇಳಿದ್ದನ್ನು ಹೇಳಿದ ಕೂಡಲೇ ಮಾಡುವವಳು. ತಮ್ಮನ ಗೀಟು ಹಾಕುವಾಗ ಅವಳದ್ದೂ ಹಾಕಿ ಎಂದಿದ್ದೆ, ಆಜ್ಞೆಗಳದ್ದಲ್ಲ, ಅವಳಿಗೆ ಸಿಕ್ಕ ಮೆಚ್ಚುಗೆಯದ್ದು. ಮೂರು ಸಂಜೆಗೆ ಸೊನ್ನೆ. ಒಳ್ಳೆಯ ಮಗುವಿಗೆ ಹೇಳುವುದೇನಿದೆ ಅಂತ ಇಬ್ಬರೂ ಅಂದುಕೊಂಡಿದ್ದರು. ತಮ್ಮನ ರಂಪಕ್ಕೆ ಮನೆಯೆಲ್ಲ ಓಡಿ ಬರುವುದನ್ನು ಅವಳು ದಿನಾ ನೋಡುತ್ತಿದ್ದಳು. ಐದನೇ ವಾರ, ತಮ್ಮ ಸುಧಾರಿಸುತ್ತಿದ್ದಂತೆ, ಇವಳು ‘ನಾನು ಮಾಡಲ್ಲ’ ಶುರು ಮಾಡಿದಳು. ತಾಯಿ ಗಾಬರಿಯಾದರು. ನಾನು ಕೇಳಿದ್ದು ಒಂದೇ: ಐದು ನಿಮಿಷದ ಆಟ ಅವಳ ಜೊತೆಗೂ ನಡೆಯುತ್ತಿದೆಯೇ? ನಡೆಯುತ್ತಿರಲಿಲ್ಲ. ಆ ರಾತ್ರಿ ಶುರುವಾಯಿತು. ಅವಳು ಆರಿಸಿಕೊಂಡದ್ದು ತಮ್ಮನ ಕಾರುಗಳ ಡಬ್ಬವನ್ನು.