ಹನ್ನೊಂದು ಗಂಟೆಯ ಕ್ಯೂ, ಹಾಲಿನ ಪೈಪಿನ ಲೋಳೆ

ನಮ್ಮ ಆಫೀಸಿಗೆ ತಂದ ಕಾಫಿ ಮಷಿನ್‌ನ ಬಾಕ್ಸ್ ಮೇಲೆ ‘ದಿನಕ್ಕೆ 200 ಕಪ್’ ಅಂತ ಬರೆದಿತ್ತು. ನಾವಿರುವುದು 60 ಜನ. ಧಾರಾಳವಾಗಿ ಸಾಕು ಅಂದುಕೊಂಡೆವು. ಆದರೂ ಬೆಳಿಗ್ಗೆ ಹನ್ನೊಂದಕ್ಕೆ ಪ್ಯಾಂಟ್ರಿಯಲ್ಲಿ ಉದ್ದ ಕ್ಯೂ.

ಯಾಕೆಂದರೆ ಜನ ದಿನವಿಡೀ ಸಮನಾಗಿ ಹಂಚಿಕೊಂಡು ಕಾಫಿ ಕುಡಿಯುವುದಿಲ್ಲ. ನಮ್ಮಲ್ಲಿ 40 ಜನ ಅದೇ ಅರ್ಧ ಗಂಟೆಯಲ್ಲಿ ಬರುತ್ತಾರೆ. ಬೀಜ ಪುಡಿಯಾಗಿ, ಡಿಕಾಕ್ಷನ್ ಇಳಿದು, ಹಾಲು ನೊರೆಯಾಗಿ ಬರುವಷ್ಟರಲ್ಲಿ ಒಂದು ಕಪ್ಪಿಗೆ 70 ಸೆಕೆಂಡ್ ಹಿಡಿಯುತ್ತಿತ್ತು. ಅರ್ಧ ಗಂಟೆಗೆ 25 ಕಪ್, ಅಷ್ಟೇ. ಉಳಿದ 15 ಜನ ನಿಂತೇ ಇರಬೇಕು.

ಇದರಲ್ಲಿ ಬಿಸಿ ಮಾಡುವ ಕೆಲಸವೇ ದೊಡ್ಡದು. 150 ಮಿಲಿ ನೀರನ್ನು 25 ಡಿಗ್ರಿಯಿಂದ 93 ಡಿಗ್ರಿಗೆ ಏರಿಸಲು ಸುಮಾರು 43 ಕಿಲೋಜೌಲ್ ಶಕ್ತಿ ಬೇಕು. 1500 ವಾಟ್ ಹೀಟರ್‌ಗೆ ಅದು ಹತ್ತಿರ ಅರ್ಧ ನಿಮಿಷದ ಕೆಲಸ. ಬಿಸಿ ನೀರನ್ನು ಬಾಯ್ಲರ್‌ನಲ್ಲಿ ಮೊದಲೇ ತುಂಬಿಟ್ಟುಕೊಳ್ಳುವ ಮಷಿನ್ ಆದರೆ ಈ ಕಾಯುವಿಕೆ ತಪ್ಪುತ್ತದೆ. ನನ್ನನ್ನು ಕೇಳಿದರೆ, ಒಂದು ದೊಡ್ಡದರ ಬದಲು ಎರಡು ಮಧ್ಯಮ ಮಷಿನ್ ವಾಸಿ. ಒಂದು ಕೆಟ್ಟುಹೋದ ದಿನವೂ ಕಾಫಿ ನಿಲ್ಲುವುದಿಲ್ಲ.

ಬೀಜದ ಡಬ್ಬಿಯನ್ನೂ ನೋಡಿ. ಕಪ್ಪಿಗೆ 9 ಗ್ರಾಂ ಅಂದರೆ 250 ಗ್ರಾಂ ಡಬ್ಬಿ 27 ಕಪ್ಪಿಗೆ ಖಾಲಿ, ಅದೂ ಕ್ಯೂ ಜೋರಾಗಿರುವಾಗಲೇ! ಹಾಗಂತ ದೊಡ್ಡ ಡಬ್ಬಿಗೆ ವಾರದ ಬೀಜ ಸುರಿಯಬೇಡಿ. ಗಾಳಿ ತಾಗಿ ಬೀಜದ ಎಣ್ಣೆ ಕಮಟುತ್ತದೆ. ಆ ದಿನಕ್ಕೆ ಬೇಕಾದಷ್ಟು ಹಾಕಿ, ಉಳಿದದ್ದನ್ನು ಬಿಗಿಯಾಗಿ ಮುಚ್ಚಿಡಿ.

ನನಗೆ ನಿಜಕ್ಕೂ ಚಿಂತೆ ಇರುವುದು ಹಾಲಿನ ಪೈಪಿನ ಬಗ್ಗೆ. ಒಂದು ಸೋಮವಾರ ಅದನ್ನು ಬಿಚ್ಚಿದೆ. ಹೊರಗೆ ಫಳಫಳ ಅನ್ನುತ್ತಿತ್ತು. ಒಳಗೆ ಕಡ್ಡಿ ಆಡಿಸಿದರೆ ಹಳದಿ ಲೋಳೆ ಎಳೆಎಳೆಯಾಗಿ ಬಂತು, ಜೊತೆಗೆ ಹುಳಿ ವಾಸನೆ. 5ರಿಂದ 60 ಡಿಗ್ರಿ ನಡುವೆ ಹಾಲು ನಿಂತರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪೈಪಿನ ಗೋಡೆಗೆ ಅಂಟಿದ ಕೊಬ್ಬು, ಪ್ರೋಟೀನ್ ಅವಕ್ಕೆ ನೆಲೆಯಾಗುತ್ತವೆ. ಬರೀ ನೀರು ಹಾಯಿಸಿದರೆ ಅದು ಹೋಗುವುದಿಲ್ಲ. ದಿನಾ ಸಂಜೆ ಹಾಲಿನ ಪೈಪಿಗೆಂದೇ ಇರುವ ಕ್ಲೀನರ್ ಹಾಯಿಸಿ, ಆಮೇಲೆ ಶುದ್ಧ ನೀರಿನಿಂದ ತೊಳೆಯಬೇಕು. ಕಾಫಿ ಜಿಡ್ಡು ತೆಗೆಯುವ ಮಾತ್ರೆಯಾಗಲಿ, ಸುಣ್ಣದ ಪದರ ಕರಗಿಸುವ ಆಮ್ಲವಾಗಲಿ ಈ ಕೆಲಸಕ್ಕೆ ಬರುವುದಿಲ್ಲ.

ಸುಣ್ಣದ್ದು ನಿಧಾನದ ಕಾಟ. ಗಡಸು ನೀರು ಕಾದಾಗ ಹೀಟರ್ ಮೇಲೆ ಬಿಳಿ ಪದರ ಕೂರುತ್ತದೆ, ಶಾಖವನ್ನು ತಡೆಯುತ್ತದೆ. ಕಾಫಿ ಸಣ್ಣ ಧಾರೆಯಾಗಿ, ಉಗುರುಬೆಚ್ಚಗೆ ಬರತೊಡಗಿದರೆ ಮೊದಲು ಇದನ್ನೇ ಅನುಮಾನಿಸಿ. ನೀರಿನ ಗಡಸುತನ ತಗ್ಗಿಸುವ ಫಿಲ್ಟರ್ ಹಾಕಿಸಿದರೆ ಕಾಟ ಬಹಳ ಕಡಿಮೆ.

ಅದಕ್ಕೇ ಮಷಿನ್ ತೋರಿಸಲು ಬಂದವರಿಗೆ, ‘ಕಾಫಿ ಆಮೇಲೆ, ಮೊದಲು ಹಾಲಿನ ಭಾಗ ಬಿಚ್ಚಿ ತೋರಿಸಿ’ ಅನ್ನಿ. ಅದಕ್ಕೆ ಸ್ಕ್ರೂಡ್ರೈವರ್ ಬೇಕು ಅಂದರೆ ಆ ಮಷಿನ್ ಬೇಡ. ಪ್ಯಾಂಟ್ರಿ ನೋಡಿಕೊಳ್ಳುವವರು ದಿನಾ ಸಂಜೆ ಬರಿಗೈಯಲ್ಲೇ ಅದನ್ನು ಬಿಚ್ಚಬೇಕು, ಅಲ್ವಾ?