ಜಾಂಬಿ ಮುಂದಿದ್ಯಾ ಹಿಂದಿದ್ಯಾ: ಆಡಿಯೋ ಗೇಮಲ್ಲಿ ದಿಕ್ಕು ಹಿಡಿಯೋದು

ಪುಣೆಲಿ ನಮ್ಮ ಕೋಥ್ರೂಡ್ ರೂಮಲ್ಲಿ ಭಾನುವಾರ ಭಾನುವಾರ ನಾವು ಮೂರು ಜನ ಕೂತು ಆಡಿಯೋ ಗೇಮ್, ಅಂದ್ರೆ ಪರದೆ ನೋಡದೆ ಬರೀ ಸದ್ದು ಕೇಳಿ ಆಡೋ ಗೇಮ್ ಆಡ್ತೀವಿ, ಇಬ್ಬರಿಗೆ ಚೂರೂ ಕಾಣಲ್ಲ, ನಂಗೆ ಒಂದು ಕಣ್ಣಲ್ಲಿ ಬೆಳಕು ನೆರಳು ಅಷ್ಟೇ. ಹೊಸಬರು ಯಾರೇ ಬಂದ್ರೂ ಎಡವೋ ಜಾಗ ಒಂದೇ. ಎಡ ಬಲ ಎಲ್ಲರಿಗೂ ಗೊತ್ತಾಗುತ್ತೆ, ಆದ್ರೆ ಜಾಂಬಿ ಸದ್ದು ನಡುವೆ ಕೇಳಿಸ್ತು ಅಂತ ಗುಂಡು ಹೊಡಿತಾರೆ, ಅದು ಬೆನ್ನ ಹಿಂದಿರುತ್ತೆ, ಕಚ್ಚಿಸ್ಕೋತಾರೆ. ಮೊನ್ನೆ ಬೆಳಗಾವಿ ಗೆಳೆಯ ಹೊಸಬನಿಗೆ 'ಲೇ, ಹಿಂದ ಐತಿ, ತಿರುಗೋ' ಅಂತ ಒದರ್ತಿದ್ದ, ಅವನು 'ಹಿಂದೆ ಇರೋದು ನಿಂಗ್ಹೆಂಗೆ ಗೊತ್ತಾಯ್ತು' ಅಂತ ಕೇಳ್ದ. ಅದಕ್ಕೇ ಈ ಟಿಪ್ಪಣಿ.

ಮೊದ್ಲು ನಮ್ಮ ಕಿವಿ ಕೆಲಸ. ಬಲಗಡೆ ರಿಕ್ಷಾ ಹಾರ್ನ್ ಹೊಡೆದ್ರೆ ಸದ್ದು ಬಲಗಿವಿಗೆ ಮೊದ್ಲು ಬರುತ್ತೆ, ಎಡಗಿವಿಗೆ ಒಂದು ಮಿಲಿಸೆಕೆಂಡಿಗೂ ಕಮ್ಮಿ ತಡವಾಗಿ, ತಲೆ ಅಡ್ಡ ಬರೋದ್ರಿಂದ ಸ್ವಲ್ಪ ಸಣ್ಣದಾಗಿ. ಮಿದುಳು ಈ ವ್ಯತ್ಯಾಸದಿಂದ ಎಡ ಬಲ ಲೆಕ್ಕ ಹಾಕುತ್ತೆ. ಆದ್ರೆ ರಿಕ್ಷಾ ನೇರ ಮುಂದಿದ್ರೂ ನೇರ ಹಿಂದಿದ್ರೂ ಎರಡು ಕಿವಿಗೂ ಒಂದೇ ಹೊತ್ತಿಗೆ ಒಂದೇ ಜೋರಲ್ಲಿ ಬರುತ್ತಲ್ಲ, ಆಗ ಈ ಲೆಕ್ಕ ನಡಿಯಲ್ಲ. ನಿಜವಾದ ರಸ್ತೇಲಿ ನಮ್ಮನ್ನ ಉಳಿಸೋದು ಎರಡು: ಕಿವಿಯ ಹೊರಗಿನ ಆಲೆ ಹಿಂದಿನ ಸದ್ದನ್ನ ಸ್ವಲ್ಪ ಮಂಕು ಮಾಡುತ್ತೆ, ಮತ್ತೆ ನಾವು ಗೊತ್ತಿಲ್ದೇನೇ ತಲೆ ಅಲ್ಲಾಡಿಸ್ತೀವಿ. ಹೆಡ್‌ಫೋನ್ ಹಾಕ್ಕೊಂಡ್ರೆ ಎರಡೂ ಹೋಯ್ತು. ತಲೆ ತಿರುಗಿಸಿದ್ರೆ ಸದ್ದೂ ಜೊತೆಗೇ ತಿರುಗುತ್ತೆ.

ಈಗ ಗೇಮ್ ಒಳಗೆ ಏನಾಗುತ್ತೆ ನೋಡಿ. ಸರಳವಾದ ಗೇಮುಗಳು ದಿಕ್ಕಿಗೆ ಬರೀ ಪ್ಯಾನ್ ಬಳಸ್ತವೆ, ಅಂದ್ರೆ ಸದ್ದು ಎಡ ಸ್ಪೀಕರಿಗೆಷ್ಟು ಬಲಕ್ಕೆಷ್ಟು ಅನ್ನೋದು, -1 ಪೂರ್ತಿ ಎಡ, 0 ನಡು, 1 ಪೂರ್ತಿ ಬಲ. ಲೆಕ್ಕ ಸಾಮಾನ್ಯವಾಗಿ ಹಿಂಗೆ:

```python
pan = math.sin(math.radians(angle))
```

ನಿಮ್ಮ ಮುಂದೆ 0 ಡಿಗ್ರಿ, ಬಲಕ್ಕೆ 90, ಹಿಂದೆ 180. ಜಾಂಬಿ 30 ಡಿಗ್ರಿಲಿ, ಅಂದ್ರೆ ಮುಂದೆ ಸ್ವಲ್ಪ ಬಲಕ್ಕೆ ಇದ್ರೆ ಪ್ಯಾನ್ 0.5 ಬರುತ್ತೆ. 150ರಲ್ಲಿ, ಅಂದ್ರೆ ಹಿಂದೆ ಸ್ವಲ್ಪ ಬಲಕ್ಕೆ ಇದ್ರೂ 0.5ಏ. ದೂರ ಒಂದೇ ಇದ್ರೆ ಎರಡೂ ಸದ್ದು ಅಚ್ಚು ಒತ್ತಿದಂಗೆ ಒಂದೇ, ಎಷ್ಟು ಕಿವಿ ಚುರುಕಿದ್ರೂ ಗೊತ್ತಾಗಲ್ಲ, ಯಾಕಂದ್ರೆ ಗೊತ್ತಾಗೋಕೆ ಅಲ್ಲಿ ಏನೂ ಇಲ್ಲ. ಹೊಸಬನ ತಪ್ಪಲ್ಲ ಅದು.

ಆದ್ರೆ ಗೇಮ್ ಒಳಗಿನ ನಿಮ್ಮ ಪಾತ್ರವನ್ನ ತಿರುಗಿಸಿದ್ರೆ ಗುಟ್ಟು ಹೊರಗೆ ಬೀಳುತ್ತೆ, ಇದೇ ಬೆಳಗಾವಿಯವನ ವಿದ್ಯೆ. ಬಲಕ್ಕೆ 10 ಡಿಗ್ರಿ ತಿರುಗಿ. 30ರಲ್ಲಿದ್ದದ್ದು ಈಗ 20 ಆಯ್ತು, ಪ್ಯಾನ್ 0.34, ಸದ್ದು ನಡುವಿನ ಕಡೆ ಜಾರ್ತು. 150ರಲ್ಲಿದ್ದದ್ದು 140 ಆಯ್ತು, ಪ್ಯಾನ್ 0.64, ಸದ್ದು ಇನ್ನೂ ಬಲಕ್ಕೆ ಹೋಯ್ತು. ಅಂದ್ರೆ ಸದ್ದಿನ ಕಡೆ ತಿರುಗಿದಾಗ ನಡುವಿಗೆ ಬಂದ್ರೆ ಮುಂದಿದೆ, ಹೊರಗೆ ಓಡಿದ್ರೆ ಹಿಂದಿದೆ. ಸದ್ದು ಸರಿಯಾಗಿ ನಡುವಲ್ಲೇ ಇದ್ರೆ ಇನ್ನೂ ಸುಲಭ: ಬಲಕ್ಕೆ ಚೂರು ತಿರುಗಿ, ಸದ್ದು ಎಡಕ್ಕೆ ಹೋದ್ರೆ ಮುಂದೆ, ಬಲಕ್ಕೆ ಬಂದ್ರೆ ಹಿಂದೆ.

ಪೂರ್ತಿ ಪಕ್ಕದಲ್ಲಿ, 80 100 ಡಿಗ್ರಿ ಹತ್ರ ಇದ್ದಾಗ ಈ 10 ಡಿಗ್ರಿ ಆಟ ನಡಿಯಲ್ಲ, ಪ್ಯಾನ್ 0.98ರಿಂದ 0.94ಕ್ಕೆ ಇಳಿದಿದ್ದು ಇಲ್ಲ 1ಕ್ಕೆ ಏರಿದ್ದು ಯಾರ ಕಿವಿಗೂ ಬೀಳಲ್ಲ. ಅಲ್ಲಿ ತಲೆ ಕೆಡಿಸ್ಕೋಬೇಡಿ, ಸದ್ದು ಯಾವ ಕಡೆ ಇದ್ಯೋ ಆ ಕಡೆಗೇ ತಿರುಗ್ತಾ ಹೋಗಿ, ಅದು ನಡುವಿಗೆ ಬಂದು ನಿಂತಾಗ ಖಂಡಿತ ನಿಮ್ಮ ಮುಂದಿರುತ್ತೆ.

ಕೆಲವು ಗೇಮ್ ಮಾಡೋರು ಹಿಂದಿನ ಸದ್ದಿನ ಪಿಚ್ ಇಳಿಸ್ತಾರೆ ಇಲ್ಲ ಕಂಬಳಿ ಒಳಗಿಂದ ಬಂದಂಗೆ ಮಂಕು ಮಾಡ್ತಾರೆ. ನಂಗೆ ಮಂಕು ಮಾಡೋದೇ ಇಷ್ಟ, ಪಿಚ್ ಇಳಿಸಿದ್ರೆ ಅದು ದೊಡ್ಡ ಜಾಂಬಿನೋ ಹಿಂದಿರೋ ಜಾಂಬಿನೋ ಅಂತ ಗೊಂದಲ. ಆಲೆಯ ಪರಿಣಾಮವನ್ನೇ ಲೆಕ್ಕ ಹಾಕಿ ಕೇಳಿಸೋ ಎಚ್‌ಆರ್‌ಟಿಎಫ್ ಅನ್ನೋ ವಿಧಾನಾನೂ ಇದೆ, ಅದು ಯಾರದೋ ಕಿವಿ ಅಳತೆ ಇಟ್ಕೊಂಡು ಮಾಡಿರೋದು, ಹಾಗಾಗಿ ಕೆಲವರಿಗೆ ಚೆನ್ನಾಗಿ ಹೊಂದುತ್ತೆ, ಕೆಲವರಿಗೆ ಎಲ್ಲಾ ತಲೆಯೊಳಗೇ ಕೇಳುತ್ತೆ. 2021ರ The Vale ಗೇಮಲ್ಲಿ ಈ ತಾಪತ್ರಯಾನೇ ತಪ್ಪಿಸಿದಾರೆ, ಫೈಟಲ್ಲಿ ಎಡ, ನಡು, ಬಲ ಮೂರೇ ದಿಕ್ಕು.

ಇನ್ನು ಎಲ್ಲಾ ಸರಿ ಮಾಡಿದ್ರೂ ಕೈ ಕೊಡೋ ವಿಷಯ. ಕಳೆದ ತಿಂಗಳು ನಾನು ಎಷ್ಟು ತಿರುಗಿದ್ರೂ ಗುರಿ ದಾಟಿ ಹೋಗ್ತಿದ್ದೆ, ಕಿವಿ ಹೋಯ್ತೇನೋ ಅಂದ್ಕೊಂಡೆ. ನೋಡಿದ್ರೆ ಬ್ಲೂಟೂತ್ ಹೆಡ್‌ಫೋನ್. ಅದ್ರಲ್ಲಿ ಸದ್ದು ಸುಮಾರು 0.2 ಸೆಕೆಂಡ್ ತಡ ಆಗೋದು ಮಾಮೂಲು. ಪಾತ್ರ ಸೆಕೆಂಡಿಗೆ 90 ಡಿಗ್ರಿ ತಿರುಗಿದ್ರೆ ಆ ತಡದಲ್ಲಿ 18 ಡಿಗ್ರಿ ಹೋಗಿರುತ್ತೆ, ನಂಗೆ ನಡುವೆ ಕೇಳ್ಸೋ ಹೊತ್ತಿಗೆ ಜಾಂಬಿ ಎಡಕ್ಕಾಗಿರುತ್ತೆ. ಗೇಮ್ ಮೆನುಲಿ ಆರೋ ಕೀ ಒತ್ತಿ, ಕೀ ಟಕ್ ಅಂದಿದ್ದಕ್ಕೂ ಮೆನು ಸದ್ದಿಗೂ ನಡುವೆ ಅಂತರ ಕೇಳಿದ್ರೆ ಅದೇ ಕಾರಣ. ಸಾದಾ ವೈರಿನ ಇಯರ್‌ಫೋನ್ ಹಾಕಿ, ಮುಗೀತು. ಇನ್ನೊಂದು, ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕಲ್ಲೇ ವಾಯ್ಸ್ ಚಾಟ್ ಶುರು ಮಾಡಿದ್ರೆ ಬಹಳಷ್ಟು ಸಲ ಅದು ಫೋನ್ ಕಾಲ್ ಮೋಡ್‌ಗೆ ಇಳಿದು ಸದ್ದು ಮೋನೋ ಆಗುತ್ತೆ, ಆಮೇಲೆ ಎಡ ಬಲಾನೂ ಇಲ್ಲ. ವಿಂಡೋಸಲ್ಲಿ Mono audio ಅಂತ ಸೆಟ್ಟಿಂಗೂ ಇದೆ, ಒಂದೇ ಕಿವಿ ಕೇಳೋರು ಆನ್ ಇಟ್ಟಿರ್ತಾರೆ, ಬೇರೆಯವರ ಲ್ಯಾಪ್‌ಟಾಪಲ್ಲಿ ಆಡುವಾಗ ಅದನ್ನ ಮೊದ್ಲು ನೋಡಿ.

ಕೊನೇದು ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್. ಗೇಮಲ್ಲಿ ದೂರ ಗೊತ್ತಾಗೋದು ಸದ್ದಿನ ಜೋರಿಂದ, ಜೋರಾದ್ರೆ ಹತ್ರ, ಸಣ್ಣದಾದ್ರೆ ದೂರ. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರಲ್ಲಿ ಆಡಿಯೋ ಡಕಿಂಗ್ ಆನ್ ಇದ್ರೆ ಅದು ಮಾತಾಡುವಾಗ ಬೇರೆ ಸದ್ದನ್ನೆಲ್ಲಾ ತಗ್ಗಿಸುತ್ತೆ. ಗೇಮ್ 'ಗುಂಡು ಮೂರು ಉಳಿದಿದೆ' ಅಂತ ಹೇಳಿಸಿದ ಕ್ಷಣ ಜಾಂಬಿ ಸದ್ದು ಇಳಿಯುತ್ತೆ, ನೀವು ದೂರ ಹೋಯ್ತು ಅಂದ್ಕೊಂಡು ನಿಂತಿರ್ತೀರ, ಮಾತು ಮುಗಿದಾಗ ಮೈಮೇಲೇ ಬಿದ್ದಿರುತ್ತೆ. `NVDA+Shift+D` ಒತ್ತುತ್ತಾ ಹೋಗಿ, ಡಕಿಂಗ್ ಇಲ್ಲ ಅಂತ ಹೇಳೋವರೆಗೂ, ಆಟಕ್ಕೆ ಮೊದ್ಲೇ ಮಾಡ್ಕೊಳ್ಳಿ. ಮಧ್ಯದಲ್ಲಿ ಮಾತು ತುಂಬಾ ಅಡ್ಡ ಬಂದ್ರೆ ಕಂಟ್ರೋಲ್ ಒತ್ತಿದ್ರೆ ಆಗ ಓದ್ತಿರೋ ಸಾಲು ನಿಲ್ಲುತ್ತೆ, ಆದ್ರೆ ಕೆಲವು ಗೇಮಲ್ಲಿ ಕಂಟ್ರೋಲೇ ಗುಂಡು ಹೊಡಿಯೋ ಕೀ, ಮೂರು ಗುಂಡಲ್ಲಿ ಒಂದು ಹಂಗೇ ಗೋಡೆಗೆ ಹೋಗುತ್ತೆ.