ಕಪ್ಪು ಕಲ್ಲಿನ ಮೇಲೆ ನವಿಲು ಎಲ್ಲಿ ಹೋಯಿತು?

"ಮನೆ ಮುಂದೆ ಕಪ್ಪು ಗ್ರಾನೈಟ್ ಹಾಕಿಸಿದ್ದೇವೆ. ಹಬ್ಬದ ದಿನ ಬೆಳಗ್ಗೆ ಎಷ್ಟು ಬಣ್ಣ ತುಂಬಿದರೂ ರಂಗೋಲಿ ಎದ್ದು ಕಾಣುವುದೇ ಇಲ್ಲ. ಯಾವ ಬಣ್ಣದ ಜೊತೆ ಯಾವುದು ಹಾಕಬೇಕು?"

ಯುಗಾದಿಗೆ ಒಮ್ಮೆ, ಗೌರಿಹಬ್ಬಕ್ಕೆ ಒಮ್ಮೆ, ದೀಪಾವಳಿಗೆ ಒಮ್ಮೆ, ಸಂಕ್ರಾಂತಿಗಂತೂ ತಪ್ಪದೆ ಈ ಪ್ರಶ್ನೆ ಬಂದೇ ಬರುತ್ತದೆ. ಗ್ರಾನೈಟ್ ಬದಲು ಕಡಪ ಕಲ್ಲು ಇರಬಹುದು, ಅಷ್ಟೇ ವ್ಯತ್ಯಾಸ. ಚಿಕ್ಕ ಉತ್ತರ ಬೇಕಾದವರಿಗೆ: ಹಳದಿ, ಕೇಸರಿ, ರಾಣಿ ಪಿಂಕ್ ಮೂರನ್ನೂ ಒಟ್ಟಿಗೆ ಇಡಿ, ಸುತ್ತ ಬಿಳಿ ಎಳೆ ಕಟ್ಟಿ. ತಂಪಾಗಿ ಕಾಣಬೇಕೆಂದರೆ ಗಿಳಿಹಸಿರು, ಆಕಾಶನೀಲಿ, ಬಿಳಿ, ನಡುವೆ ಒಂದು ಚುಕ್ಕೆ ಹಳದಿ. ಇಷ್ಟೇ. ಆದರೆ ಇಷ್ಟು ಹೇಳಿ ಸುಮ್ಮನಾದರೆ ನೀವು ಮತ್ತೆ ಅದೇ ತಪ್ಪು ಮಾಡುತ್ತೀರಿ ಎಂದು ನನಗೆ ಗೊತ್ತು. ಅದಕ್ಕೆ ಮುಂದಕ್ಕೂ ಓದಿ.

ತಪ್ಪು ಯಾವುದೆಂದರೆ, "ನೆಲ ಕಪ್ಪಗಿದೆ, ಹಾಗಾಗಿ ಬಣ್ಣ ಗಾಢವಾಗಿರಬೇಕು. ಬಿಳಿ ಪುಡಿ ಬೆರೆಸಿದರೆ ಮಂಕಾಗುತ್ತದೆ" ಅನ್ನುವ ನಂಬಿಕೆ. ಅಂಗಡಿಯವರೂ ಇದನ್ನೇ ಹೇಳಿ ಕಡು ನೇರಳೆ, ಕಡು ನೀಲಿ, ಕಡು ಹಸಿರು ಪೊಟ್ಟಣ ಕಟ್ಟಿಕೊಡುತ್ತಾರೆ. ಪೊಟ್ಟಣದಲ್ಲಿ ಅವು ಚೆಂದ ಕಾಣುತ್ತವೆ ನಿಜ. ಆದರೆ ಕಪ್ಪು ಕಲ್ಲು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ಕಡು ನೇರಳೆಯೂ ಹೆಚ್ಚುಕಡಿಮೆ ನುಂಗುವುದೇ. ಎರಡೂ ನುಂಗುವವೇ ಆದರೆ ನೆಲ ಎಲ್ಲಿ ಮುಗಿಯಿತು, ಹೂವು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಹೇಳುವವರು ಯಾರು? ಹಳದಿ, ಬಿಳಿ, ಗಿಳಿಹಸಿರು ಬೆಳಕನ್ನು ವಾಪಸು ಕೊಡುತ್ತವೆ, ಹಾಗಾಗಿ ಎದ್ದು ಕಾಣುತ್ತವೆ. ಬಿಳಿ ಟೈಲ್ಸ್ ಇರುವ ಮನೆಯಲ್ಲಿ ಇದು ಪೂರಾ ಉಲ್ಟಾ: ಅಲ್ಲಿ ಹಳದಿ ಮಾಯವಾಗುತ್ತದೆ, ನೇರಳೆ ಮಿಂಚುತ್ತದೆ. ಅಲ್ಲಿನ ಬುದ್ಧಿಮಾತನ್ನು ಇಲ್ಲಿಗೆ ತಂದರೆ ನಡೆಯುವುದಿಲ್ಲ.

ನಮ್ಮ ಓರಗಿತ್ತಿ ಒಂದು ಸಂಕ್ರಾಂತಿಗೆ ಮೂರು ಅಡಿ ಉದ್ದದ ನವಿಲು ಬಿಟ್ಟಳು. ಮೈಗೆಲ್ಲ ಕಡು ನವಿಲುನೀಲಿ, ಗರಿಗೆ ಕಡು ಹಸಿರು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಕೂತು ತುಂಬಿದಾಗ ಪರವಾಗಿರಲಿಲ್ಲ. ಬೆಳಗ್ಗೆ ಆರೂವರೆಗೆ ಗೇಟಿನ ಹತ್ತಿರ ನಿಂತು ನೋಡಿದರೆ ಒಂದು ಬಿಳಿ ಕೊಕ್ಕು, ಆರೇಳು ಹಳದಿ ಚುಕ್ಕೆ. ಹಾಲು ಕೊಡಲು ಬಂದ ಹುಡುಗ ಅದರ ಮೇಲೇ ಕಾಲಿಟ್ಟು ಹೋದ. ಅವನ ತಪ್ಪೇನೂ ಇರಲಿಲ್ಲ.

ಮರುವರ್ಷ ಅದೇ ನವಿಲನ್ನು ಇಬ್ಬರೂ ಕೂತು ಬಿಟ್ಟೆವು. ಒಂದು ಬಟ್ಟಲು ನೀಲಿಗೆ ಎರಡು ಬಟ್ಟಲು ಬಿಳಿ ರಂಗೋಲಿ ಪುಡಿ ಹಾಕಿ, ತಟ್ಟೆಯಲ್ಲಿ ಒಣಗಿದ ಕೈಯಿಂದ ಕಲಸಿದೆವು. ಗೆರೆಗೆರೆಯಾಗಿ ಉಳಿದದ್ದನ್ನು ಒಮ್ಮೆ ಜರಡಿ ಹಿಡಿದೆವು. ಕತ್ತು, ಮೈಗೆಲ್ಲ ಈ ತಿಳಿನೀಲಿ. ಗರಿಗೆ ಗಿಳಿಹಸಿರು, ಅದರ ಒಳಗೆ ಹಳದಿ ಬೊಟ್ಟು, ಬೊಟ್ಟಿನ ನಡುವೆ ಮಾತ್ರ ಒಂದು ಚಿಟಿಕೆ ಕಡು ನೀಲಿ. ಗಾಢ ಬಣ್ಣ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದನ್ನು ತಿಳಿಬಣ್ಣದ ಮಡಿಲಲ್ಲಿ ಕೂರಿಸಬೇಕು. ಕಪ್ಪು ನೆಲದ ಪಕ್ಕದಲ್ಲಿ ಕೂರಿಸಿದರೆ ಕಳೆದುಹೋಗುತ್ತದೆ. ಕೊನೆಗೆ ಸುತ್ತ ಬಿಳಿ ಎಳೆ. ಆ ವರ್ಷ ಹಾಲಿನವನು ಗೋಡೆ ಬದಿಗೆ ಸರಿದು ಹೋದ.

ಹಾಗಾದರೆ ಬಣ್ಣ ಮಂಕಾಗುವುದು ಸುಳ್ಳೇ? ಸುಳ್ಳಲ್ಲ, ಆದರೆ ಕಳ್ಳ ಬೇರೆ. ನೀವು ಬಣ್ಣವನ್ನು ತೆಳ್ಳಗೆ ಉದುರಿಸುತ್ತೀರಿ, ಕಾಳುಗಳ ಸಂದಿಯಿಂದ ಕಪ್ಪು ಕಲ್ಲು ಇಣುಕುತ್ತದೆ. ದೂರದಿಂದ ಕಣ್ಣು ಎರಡನ್ನೂ ಸೇರಿಸಿ ನೋಡುತ್ತದೆ. ಹಳದಿ ಪಾಚಿಯ ಬಣ್ಣಕ್ಕೆ ತಿರುಗಿದ್ದರೆ, ಕೇಸರಿ ಕಂದಾಗಿದ್ದರೆ ನೆಲ ಇಣುಕುತ್ತಿದೆ ಎಂದೇ ಅರ್ಥ. ಇದಕ್ಕೆ ಮದ್ದು: ಬಣ್ಣ ತುಂಬುವ ಜಾಗಕ್ಕೆ ಮೊದಲು ಟೀ ಸೋಸುವ ಜಾಲರಿಯಿಂದ ಬಿಳಿ ಪುಡಿಯನ್ನು ಕಲ್ಲು ಕಾಣದಷ್ಟು ಉದುರಿಸಿ, ಆಮೇಲೆ ಅದರ ಮೇಲೆ ಬಣ್ಣ. ಬಣ್ಣವೂ ಕಡಿಮೆ ಸಾಕು. ಮಂಕು ಮಾಡುತ್ತದೆ ಎಂದು ನೀವು ದೂರಿದ ಬಿಳಿಯೇ ಇಲ್ಲಿ ಕಾಯುವುದು.

ಕೆಂಪಿಗೆ ಮಾತ್ರ ಬಿಳಿ ಬೆರೆಸಬೇಡಿ, ಗುಲಾಬಿ ಆಗಿಬಿಡುತ್ತದೆ. ಕೆಂಪೇ ಬೇಕಿದ್ದರೆ ಬಿಳಿ ಹಾಸಿನ ಮೇಲೆ ಹಾಕಿ, ಪಕ್ಕಕ್ಕೆ ಹಳದಿ ಕೊಡಿ. ಕೆಂಪಿಗೆ ಇನ್ನೊಂದು ಕಷ್ಟವೂ ಇದೆ. ಮಬ್ಬುಗತ್ತಲಲ್ಲಿ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಪ್ಪಾಗುವ ಬಣ್ಣ ಅದು. ನೀಲಿ, ಹಸಿರು ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಕಾಣುತ್ತವೆ. ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 1819ರಲ್ಲಿ ನಸುಕಿನ ಹೊತ್ತು ಹೂಗಳನ್ನು ನೋಡಿ ಇದನ್ನು ಗುರುತಿಸಿದ, ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಸಂಕ್ರಾಂತಿ ಹೊತ್ತಿಗೆ ಬೆಂಗಳೂರಲ್ಲಿ ಸೂರ್ಯ ಹುಟ್ಟುವುದೇ ಸುಮಾರು ಆರೂ ಮುಕ್ಕಾಲಿಗೆ. ಆರು ಗಂಟೆಗೆ ನಿಮ್ಮ ಕೆಂಪು ದಾಸವಾಳ ಕಪ್ಪಗೆ ಕಂಡರೆ ಪೊಟ್ಟಣವನ್ನು ಬೈಯಬೇಡಿ, ಒಂದು ಗಂಟೆ ಕಾಯಿರಿ. ಅಷ್ಟೂ ತಾಳ್ಮೆ ಇಲ್ಲದಿದ್ದರೆ ಹೊರಗಿನ ಬಲ್ಬು ಹಾಕಿ.

ಮೊದಲೇ ಪರೀಕ್ಷೆ ಮಾಡಬೇಕಾದರೆ ಪ್ರತಿ ಬಣ್ಣದ ಒಂದೊಂದು ಚಿಟಿಕೆಯನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಆಮೇಲೆ ಅದನ್ನು ಕಪ್ಪುಬಿಳುಪು ಮಾಡಿ. ನೆಲದೊಳಗೆ ಕರಗಿಹೋದ ಚಿಟಿಕೆಗಳಿಗೆ ಬಿಳಿ ಬೆರೆಸಬೇಕು. ಫೋಟೋದಲ್ಲಿ ಒಂದೇ ಬೂದುಬಣ್ಣವಾಗಿ ಕಂಡ ಬಣ್ಣಗಳನ್ನು ಅಕ್ಕಪಕ್ಕ ಇಡಬಾರದು, ಇಟ್ಟರೆ ನಡುವೆ ಬಿಳಿ ಗೆರೆ ಇರಲಿ. ಹಾಂ, ತೊಳೆದ ಕಲ್ಲು ಪೂರಾ ಒಣಗಿರಬೇಕು. ಬರೀ ಬಿಳಿ ಎಳೆಗೆ ಸ್ವಲ್ಪ ತೇವ ಇದ್ದರೆ ಹಿಡಿದುಕೊಳ್ಳುತ್ತದೆ ನಿಜ. ಬಣ್ಣದ ಪುಡಿ ಮಾತ್ರ ನೀರು ಕುಡಿದರೆ ಒಂದು ಪಟ್ಟು ಕಡುವಾಗುತ್ತದೆ, ಅಂಚೂ ಹರಡುತ್ತದೆ.

ಇನ್ನು ಯಾರೂ ಕೇಳದ ಒಂದು ವಿಷಯ. ಹಳದಿ ಪೊಟ್ಟಣ ಮುಗಿಯಿತೆಂದು ಅಡುಗೆಮನೆಯ ಅರಿಶಿನ ತಂದು ಬಿಳಿ ಪುಡಿಗೆ ಬೆರೆಸುವವರಿದ್ದೀರಿ. ಕಪ್ಪು ಕಲ್ಲಿನ ಮೇಲೆ ಅರಿಶಿನ ಬಹಳ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೆಲವರಿಗೆ ತೇವ ತಾಗಿದ ಕೂಡಲೇ ಅದು ಕೆಂಪಾಗಿ, ಏನೋ ಅಪಶಕುನ ಆಯಿತೆಂದು ಗಾಬರಿ. ಅಪಶಕುನವೂ ಇಲ್ಲ, ಏನೂ ಇಲ್ಲ. ಆ ಬಿಳಿ ಪುಡಿಯಲ್ಲಿ ಸುಣ್ಣ ಇದೆ, ಅಷ್ಟೇ. ಆರತಿಗೆ ಕೆಂಪು ನೀರು ಮಾಡುವುದು ಅರಿಶಿನಕ್ಕೆ ಸುಣ್ಣ ಕದಡಿ ಅಲ್ಲವೇ? ಹಳೆಯ ಕಾಲದ ಕುಂಕುಮವೂ ಅರಿಶಿನದಿಂದಲೇ ಹೀಗೆ ಕೆಂಪಾಗುತ್ತಿದ್ದದ್ದು. ಹೊಸ ಬಿಳಿ ಪುಡಿ ತಂದಾಗ ಒಂದು ಚಿಟಿಕೆಗೆ ಅರಿಶಿನ, ಎರಡು ಹನಿ ನೀರು ಹಾಕಿ ಉಜ್ಜಿ ನೋಡಿ. ಕುಂಕುಮದಂತೆ ಕಡು ಕೆಂಪಾದರೆ ಆ ಪುಡಿಯನ್ನು ಬರಿಗೈಯಲ್ಲಿ ಹಿಡಿದು ಎಳೆ ಎಳೆಯಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಸಂಜೆ ಹೊತ್ತಿಗೆ ಬೆರಳ ತುದಿ ಉರಿಯುತ್ತದೆ.